ಹತ್ತನೆಯ ತರಗತಿ ಮುಗಿದ ಮನೆಗೆ ಒಂದು ಮಾತಿನ ಸ್ಕ್ರಿಪ್ಟ್

ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಮೇ 8ಕ್ಕೆ ಬಂತು, 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ. ಪರೀಕ್ಷೆ ಮುಗಿಯುವುದು ಏಪ್ರಿಲ್ ಮೊದಲರ್ಧದೊಳಗೆ. ನಡುವೆ ಮೂರು ನಾಲ್ಕು ವಾರ ಸಿಗುತ್ತವೆ. ಈ ವಾರಗಳು ಕರಾವಳಿಯಲ್ಲಿ ಮದುವೆ, ಉಪನಯನ, ಹಬ್ಬಗಳ ಕಾಲ. ಧಾರೇಶ್ವರದಂಥ ಊರಿಗೆ ಬೆಂಗಳೂರಿನಿಂದ, ಮುಂಬೈಯಿಂದ ನೆಂಟರು ಬಂದಿಳಿಯುತ್ತಾರೆ. ಊಟದ ಪಂಕ್ತಿಯಲ್ಲಿ ಕೂತ ಹುಡುಗನಿಗೋ ಹುಡುಗಿಗೋ ಎದುರಾಗುವ ಪ್ರಶ್ನೆ ಒಂದೇ: "ಎಷ್ಟು ಬೀಳಬಹುದು? ಮುಂದೆ ಎಂತ, ಸೈನ್ಸಾ?" ಪ್ರಶ್ನೆಯಲ್ಲೇ ಉತ್ತರ ಇರುತ್ತದೆ. ಮಗು ಒಮ್ಮೆ "ಹೂಂ" ಅಂದುಬಿಡುತ್ತದೆ. ಹತ್ತು ಕಡೆ "ಹೂಂ" ಅಂದ ಮೇಲೆ ಅದನ್ನು ಬದಲಿಸಲು ಸಂಕೋಚ. ಫಲಿತಾಂಶ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಕೂತು ಮಾತಾಡದೆಯೇ ತೀರ್ಮಾನ ಆಗಿಹೋಗಿರುತ್ತದೆ.

ಒತ್ತಡ ಎಂದರೆ ಬೈಗುಳ ಎಂದೇ ಬಹಳ ಜನ ತಿಳಿದಿದ್ದಾರೆ. "ನಾವು ನಮ್ಮ ಮಗಳಿಗೆ ಒಂದು ಮಾತೂ ಅಂದಿಲ್ಲ" ಎನ್ನುವ ಅಪ್ಪ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ "ನಿನ್ನಿಷ್ಟ ಮಗಾ, ಆದ್ರೆ ಚಿಕ್ಕಪ್ಪನ ಮಗ ನೋಡು" ಎಂಬ ವಾಕ್ಯದಲ್ಲಿ ಮೊದಲರ್ಧ ಯಾವ ಮಗುವಿಗೂ ಕೇಳಿಸುವುದಿಲ್ಲ. ಹಾಗಾಗಿ ಇಲ್ಲಿ ಕೊಡುತ್ತಿರುವುದು ಉಪದೇಶದ ಪಟ್ಟಿಯಲ್ಲ. ಯಾರು ಮೊದಲು ಮಾತಾಡಬೇಕು, ಯಾವ ಮಾತಿನ ನಂತರ ಯಾವುದು, ಯಾವ ವಾಕ್ಯ ಹೇಗೆ ಎನ್ನುವ ಸ್ಕ್ರಿಪ್ಟ್. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ನಿಗದಿಯಾಗಿದ್ದು ಅರ್ಥ ಮಾತ್ರ ಅರ್ಥಧಾರಿಯದೇ ಆಗಿರುವ ಹಾಗೆ, ಇಲ್ಲಿಯೂ ಕ್ರಮವನ್ನು ಇಟ್ಟುಕೊಳ್ಳಿ, ಮಾತು ನಿಮ್ಮ ಮನೆಯದಾಗಲಿ.

ಮೊದಲು ದೊಡ್ಡವರು, ಮಗು ಇಲ್ಲದಾಗ

ಮೊದಲ ಮಾತುಕತೆಯಲ್ಲಿ ಮಗು ಇರಬಾರದು. ಅಪ್ಪ ಅಮ್ಮ ಇಬ್ಬರೇ, ಮನೆಯಲ್ಲಿ ಅಜ್ಜನ ಮಾತು ನಡೆಯುತ್ತಿದ್ದರೆ ಅಜ್ಜನೂ ಕೂತು ಎರಡೇ ಸಂಗತಿ ಇತ್ಯರ್ಥ ಮಾಡಿಕೊಳ್ಳಬೇಕು. ಒಂದು, ವರ್ಷಕ್ಕೆ ಸಾಲ ಮಾಡದೆ ಎಷ್ಟು ದುಡ್ಡು ಹಾಕಬಹುದು. ಎರಡು, ಮಗುವನ್ನು ಹಾಸ್ಟೆಲಿಗೆ ಕಳಿಸಲು ಮನಸ್ಸು ಒಪ್ಪುತ್ತದೆಯೋ ಇಲ್ಲವೋ. ಈ ಎರಡರಲ್ಲಿ ಅಪ್ಪನದೊಂದು ಅಮ್ಮನದೊಂದು ಅಭಿಪ್ರಾಯ ಇದ್ದರೆ ಅಲ್ಲೇ ಜಗಳವಾಡಿ ಮುಗಿಸಿಕೊಳ್ಳಿ. ಮಗುವಿನ ಎದುರು ಈ ಜಗಳ ನಡೆದರೆ ಅದು ಯಾರನ್ನು ಸಮಾಧಾನಪಡಿಸಬೇಕು ಎಂದು ಲೆಕ್ಕ ಹಾಕುತ್ತದೆಯೇ ಹೊರತು ತನಗೇನು ಬೇಕು ಎಂದು ಯೋಚಿಸುವುದಿಲ್ಲ.

ವಿಜ್ಞಾನವೋ ವಾಣಿಜ್ಯವೋ ಎಂಬ ಮಾತು ಈ ಕೂಟದಲ್ಲಿ ಬರಲೇಬಾರದು. ಬಂದರೆ ಅಮ್ಮ ಹೇಳಬೇಕಾದ ವಾಕ್ಯ: "ಅದು ಅವಳು ಬರೆದು ಕೊಟ್ಟ ಮೇಲೆ ನೋಡುವ." ಇಷ್ಟೇ ಸಾಕು.

ಮಗು ಬರೆಯಲಿ

ಮರುದಿನ ಮಗುವಿಗೆ ಒಂದು ಹಾಳೆ ಕೊಡಿ. ಮಾತು ಬೇಡ, ಬರಹವೇ ಬೇಕು. ಏಕೆಂದರೆ ಮಾತಾಡುವಾಗ ಮಗು ನಿಮ್ಮ ಮುಖ ನೋಡಿಕೊಂಡು ಮಾತಾಡುತ್ತದೆ. ಬರೆಯುವಾಗ ಹಾಳೆ ಮಾತ್ರ ಎದುರಿಗಿರುತ್ತದೆ. ಹೇಳುವುದು ಹೀಗೆ: "ಮಗಾ, ನಾವಿನ್ನೂ ಏನೂ ಯೋಚನೆ ಮಾಡ್ಲಿಲ್ಲ. ಮೊದಲು ನೀನು ಬರಿ. ಎರಡು ದಿನ ತಗೋ. ನಾವು ಓದಿ ಏನೂ ಹೇಳೂದಿಲ್ಲ, ಬರೀ ಪ್ರಶ್ನೆ ಕೇಳ್ತೇವೆ." ಹಾಳೆಯ ಮೇಲೆ ನಾಲ್ಕು ಪ್ರಶ್ನೆ ಇರಲಿ. ಯಾವ ಪಾಠ ಓದುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ? ಯಾವ ವಿಷಯದ ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆ ಕಲಸಿತು? ಮನೆಯಿಂದ ಹೋಗಿಬಂದು ಓದಬೇಕೋ, ಹೊರಗೆ ಉಳಿದು ಓದಬೇಕೋ? ಯಾರೂ ಏನೂ ಹೇಳದಿದ್ದರೆ ಏನು ತೆಗೆದುಕೊಳ್ಳುತ್ತಿದ್ದೆ?

ಕೊನೆಯ ಪ್ರಶ್ನೆಗೆ "ಗೊತ್ತಿಲ್ಲ" ಎಂದು ಬರೆದರೂ ಅದು ಉತ್ತರವೇ. ಹದಿನಾರು ತುಂಬದ ಮಗುವಿಗೆ ಗೊತ್ತಿಲ್ಲದಿರುವುದು ಸೋಮಾರಿತನವಲ್ಲ. "ಗೊತ್ತಿಲ್ಲ" ಎಂದರೆ ಮುಂದಿನ ಹೆಜ್ಜೆ ಮಾತಲ್ಲ, ರುಚಿ ನೋಡುವುದು. ನೆರೆಮನೆಯಲ್ಲಿ ಪಿಯು ಓದುತ್ತಿರುವವರಿಂದ ಪ್ರಥಮ ಪಿಯುಸಿಯ ಮೂರು ಪುಸ್ತಕ ಎರವಲು ತನ್ನಿ: ಭೌತಶಾಸ್ತ್ರ, ಲೆಕ್ಕಶಾಸ್ತ್ರ, ಸಮಾಜಶಾಸ್ತ್ರ ಅಥವಾ ಇತಿಹಾಸ. ಭೌತಶಾಸ್ತ್ರದಲ್ಲಿ ಚಲನೆಯ ಅಧ್ಯಾಯ ಓದಲಿ, ಅಲ್ಲಿ ಗಣಿತ ಎಷ್ಟು ಬೇಗ ಒಳಗೆ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಲೆಕ್ಕಶಾಸ್ತ್ರದಲ್ಲಿ ಜಮಾ-ಖರ್ಚು ಬರೆಯುವ ನಾಲ್ಕು ಲೆಕ್ಕ ಮಾಡಿ ನೋಡಲಿ. ಅರ್ಥವಾಯಿತೇ ಎಂದು ಕೇಳಬೇಡಿ. ಯಾವ ಪುಸ್ತಕವನ್ನು ಮತ್ತೆ ತೆರೆಯಿತು ಎಂದು ಸುಮ್ಮನೆ ಗಮನಿಸಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಾರ ಇನ್ನೂ ಮುಖ್ಯ. ಪಿಯು ವಿಜ್ಞಾನದ ಪಾಠ ಬಹುತೇಕ ಕಡೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹೈಸ್ಕೂಲಿನಲ್ಲಿ "ವೇಗೋತ್ಕರ್ಷ" ಎಂದು ಕಲಿತದ್ದು ಜೂನ್ ತಿಂಗಳಲ್ಲಿ "ಆಕ್ಸಲರೇಷನ್" ಆಗಿ ಎದುರಾಗುತ್ತದೆ. ಮೊದಲ ಎರಡು ಕಿರುಪರೀಕ್ಷೆಯಲ್ಲಿ ಅಂಕ ಬೀಳುವುದಕ್ಕೆ ಎಷ್ಟೋ ಸಲ ಕಾರಣ ಬುದ್ಧಿಯಲ್ಲ, ಈ ಪದಗಳು. ಇದು ಗೊತ್ತಿದ್ದರೆ ಏಪ್ರಿಲಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಭಾಷೆಯ ಪದಗಳನ್ನು ಎದುರುಬದುರು ಬರೆದುಕೊಳ್ಳಬಹುದು. ಮುಂದೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಎಂಬುದನ್ನು ಮಗುವಿಗೆ ಹೇಳಿ. ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೇನೋ ಎಂಬ ಅಳುಕು ಅಷ್ಟರಮಟ್ಟಿಗೆ ಇಳಿಯುತ್ತದೆ.

ಯಾವ ಬಾಗಿಲು ಮುಚ್ಚುತ್ತದೆ

ಮೂರನೆಯ ಮಾತುಕತೆಯಲ್ಲಿ ದೊಡ್ಡವರಿಗೆ ಒಂದು ಕೆಲಸ ಇದೆ. ಮಗುವಿಗೆ ತನ್ನ ಇಷ್ಟ ಗೊತ್ತಿರಬಹುದು, ಆದರೆ ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರುವುದಿಲ್ಲ. ನಿಜ ಹೇಳಬೇಕೆಂದರೆ ದೊಡ್ಡವರಿಗೂ ಇದು ಅರೆಬರೆಯೇ ಗೊತ್ತಿರುತ್ತದೆ. "ಸೈನ್ಸ್ ತಗೊಂಡ್ರೆ ಎಲ್ಲಾ ಬಾಗಿಲು ತೆರೆದಿರ್ತದೆ" ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ.

ಸತ್ಯವಾದ ಅರ್ಧ ಇದು. ಪಿಯುವಿನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ತೆಗೆದುಕೊಂಡರೆ, ಅಂದರೆ ಪಿಸಿಎಂಬಿ ಆದರೆ, ಎಂಜಿನಿಯರಿಂಗಿಗೂ ಹೋಗಬಹುದು, ನೀಟ್ ಕೂಡ ಬರೆಯಬಹುದು, ಬೇಡವೆನಿಸಿದರೆ ಬಿಕಾಂಗೂ ಬಿಎಗೂ ಕಾನೂನಿಗೂ ಹೊರಳಬಹುದು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡರೆ ಎಂಜಿನಿಯರಿಂಗ್ ಉಳಿಯುತ್ತದೆ. ವೈದ್ಯಕೀಯ, ಬಿಎಸ್ಸಿ ನರ್ಸಿಂಗ್, ಶಿರಸಿಯ ಅರಣ್ಯ ಮಹಾವಿದ್ಯಾಲಯ, ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಂಥವು ಕೈತಪ್ಪುತ್ತವೆ. ನಮ್ಮ ಕರಾವಳಿಯ ಮಕ್ಕಳಿಗೆ ಕೊನೆಯ ಎರಡು ಅಷ್ಟು ದೂರದವೂ ಅಲ್ಲ, ಅಪರಿಚಿತ ಕೆಲಸವೂ ಅಲ್ಲ. ಆದರೂ ಮನೆಯ ಮಾತಿನಲ್ಲಿ ಅವುಗಳ ಹೆಸರೇ ಬರುವುದಿಲ್ಲ, ಡಾಕ್ಟರು ಎಂಜಿನಿಯರಿನಲ್ಲೇ ಮಾತು ಮುಗಿಯುತ್ತದೆ. ಹಡಗಿನ ಅಧಿಕಾರಿಯಾಗುವ ಆಸೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು.

ವಾಣಿಜ್ಯ ಅಥವಾ ಕಲೆ ತೆಗೆದುಕೊಂಡ ಮೇಲೆ ಎಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ಮರಳುವುದು ಕಷ್ಟ. ಆದರೆ ಐದು ವರ್ಷದ ಕಾನೂನು ಪದವಿಗೆ, ಶಿಕ್ಷಕ ವೃತ್ತಿಗೆ, ಪತ್ರಿಕೋದ್ಯಮಕ್ಕೆ, ಬ್ಯಾಂಕ್ ಪರೀಕ್ಷೆಗೆ, ಕೆಎಎಸ್‌ಗೆ ಯಾವ ವಿಭಾಗದವರೂ ಹೋಗಬಹುದು. ಸಿಎ ಓದಲು ಪಿಯುವಿನಲ್ಲಿ ವಾಣಿಜ್ಯವೇ ಇರಬೇಕೆಂಬ ನಿಯಮವಿಲ್ಲ. ವಾಣಿಜ್ಯ ಓದಿದವರಿಗೆ ಲೆಕ್ಕಶಾಸ್ತ್ರ ಮೊದಲೇ ಪರಿಚಯವಾಗಿರುತ್ತದೆ, ಅಷ್ಟೇ.

ಸುಳ್ಳಾದ ಅರ್ಧ ಯಾವುದು? ವಿಷಯ ತೆಗೆದುಕೊಂಡ ಮಾತ್ರಕ್ಕೆ ಬಾಗಿಲು ತೆರೆದಿರುವುದಿಲ್ಲ. ಎಂಜಿನಿಯರಿಂಗಿಗೆ ಸಂಬಂಧಿಸಿದ ಪಿಯು ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲಾತಿ ಇರುವವರಿಗೆ ಶೇ. 40 ಬೇಕು. ಸಿಇಟಿ ರ‍್ಯಾಂಕ್ ನಿಗದಿಯಾಗುವಾಗ ಪಿಯು ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಎರಡು ವರ್ಷ ಅರ್ಥವಾಗದ ಗಣಿತದ ಎದುರು ಕೂತು ಹೇಗೋ ತೇರ್ಗಡೆಯಾದ ಹುಡುಗನಿಗೆ ಎಂಜಿನಿಯರಿಂಗ್ ಬಾಗಿಲು ತೆರೆದಿರುವುದು ಹೆಸರಿಗೆ ಮಾತ್ರ. ಅದೇ ಹುಡುಗ ವಾಣಿಜ್ಯದಲ್ಲಿ ಶೇ. 85 ತೆಗೆಯುವವನಾಗಿದ್ದರೆ ಅವನ ಮುಂದೆ ನಿಜವಾಗಿ ತೆರೆದಿದ್ದ ಬಾಗಿಲನ್ನು ನಾವೇ ಮುಚ್ಚಿದಂತಾಯಿತು.

ಡಿಪ್ಲೊಮಾ ವಿಚಾರವನ್ನು ಮನೆಮಂದಿ ಹೆಚ್ಚಾಗಿ ಮಾತೇ ಆಡುವುದಿಲ್ಲ, ಆಡಿದರೂ "ಪಿಯು ಸಿಗದವರಿಗೆ" ಎಂದು ಬದಿಗೆ ಸರಿಸುತ್ತಾರೆ. ಇದು ಶುದ್ಧ ತಪ್ಪು ತಿಳಿವಳಿಕೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್ ಓದಿ, ಡಿಸಿಇಟಿ ಬರೆದು ಬಿಇ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯು ದಾರಿಯಲ್ಲಿ ಬಿಇ ಮುಗಿಯಲು ಆರು ವರ್ಷ, ಡಿಪ್ಲೊಮಾ ದಾರಿಯಲ್ಲೂ ಆರೇ ವರ್ಷ. ನಡುವೆ ಮೂರನೆಯ ವರ್ಷಕ್ಕೇ ಕೈಯಲ್ಲಿ ಒಂದು ಅರ್ಹತೆ ಇರುತ್ತದೆ, ದುಡಿಯಬೇಕಾದ ಪರಿಸ್ಥಿತಿ ಬಂದರೆ ದುಡಿಯಬಹುದು. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಮನಸ್ಸಿರುವ ಹುಡುಗ ಹುಡುಗಿಯರಿಗೆ ಮುರ್ಡೇಶ್ವರದ ಆರ್‌.ಎನ್‌. ಶೆಟ್ಟಿ ಪಾಲಿಟೆಕ್ನಿಕ್, ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್ ಇವೆ. ಬಿಇ ಮಾಡಬೇಕೆನಿಸಿದರೆ ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ನಮ್ಮ ಕರಾವಳಿಯಲ್ಲೇ ಇದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾ ಎರಡನೆಯ ವರ್ಷಕ್ಕೆ ಸೇರುವ ದಾರಿ ಇದೆ.

ಇಷ್ಟನ್ನು ಮಗುವಿಗೆ ಹೇಳುವಾಗ ಒಂದು ಎಚ್ಚರ. ಬಾಗಿಲು ಮುಚ್ಚುತ್ತದೆ ಎಂಬುದನ್ನು ಬೆದರಿಕೆಯ ದನಿಯಲ್ಲಿ ಹೇಳಬಾರದು. "ಕಾಮರ್ಸ್ ತಗೊಂಡ್ರೆ ಮುಗೀತು, ಮತ್ತೆ ಅಳ್ಬೇಡ" ಎನ್ನುವುದು ಬೆದರಿಕೆ. "ಕಾಮರ್ಸ್ ತಗೊಂಡ್ರೆ ಇಂಜಿನಿಯರಿಂಗ್ ಆಗೂದಿಲ್ಲ. ಅದು ಬೇಡ ಅನ್ನೂದು ನಿಂಗೆ ಖಾತ್ರಿ ಇದ್ಯಾ, ಇಲ್ಲಾ ಇನ್ನೂ ಯೋಚನೆ ಮಾಡ್ಬೇಕಾ?" ಎನ್ನುವುದು ಮಾಹಿತಿ.

ಅಂಕಪಟ್ಟಿ ಓದುವ ಬಗೆ

ಫಲಿತಾಂಶ ಬಂದ ದಿನ ಎಲ್ಲರೂ ಒಟ್ಟು ಅಂಕ ನೋಡುತ್ತಾರೆ. ವಿಭಾಗ ಆರಿಸುವುದಕ್ಕೆ ಒಟ್ಟು ಅಂಕದಷ್ಟು ದಾರಿ ತಪ್ಪಿಸುವ ಸಂಖ್ಯೆ ಇನ್ನೊಂದಿಲ್ಲ. ಎಸ್ಸೆಸ್ಸೆಲ್ಸಿಯ ಒಟ್ಟು 625ರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಈ ನೂರರಲ್ಲಿ ಲಿಖಿತ ಪರೀಕ್ಷೆ 80ಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಆಂತರಿಕ ಅಂಕ ಶಾಲೆಯಲ್ಲೇ ಕೊಡುವಂಥದ್ದು, ಹೆಚ್ಚಿನ ಮಕ್ಕಳಿಗೆ ಪೂರ್ತಿ ಅಥವಾ ಪೂರ್ತಿಯ ಹತ್ತಿರ ಇರುತ್ತದೆ. ಆದ್ದರಿಂದ ಅದನ್ನು ಕಳೆದು 80ಕ್ಕೆ ಬಂದದ್ದನ್ನು ನೋಡಬೇಕು, ಅದೂ ಗಣಿತ ಮತ್ತು ವಿಜ್ಞಾನದಲ್ಲಿ ಪ್ರತ್ಯೇಕವಾಗಿ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಧಾರೇಶ್ವರದಲ್ಲಿ ಹೆದ್ದಾರಿಯಿಂದ ಒಳಗೆ ಸ್ವಲ್ಪ ನಡೆದರೆ ಮನೆ. ಅಪ್ಪ ಬಾಡಿಗೆಗೆ ಟೆಂಪೊ ಓಡಿಸುತ್ತಾನೆ, ಅಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ, ಜೊತೆಗೆ ಅಜ್ಜ. ಕನ್ನಡ ಮಾಧ್ಯಮದಲ್ಲಿ ಓದಿದ ಮಗಳಿಗೆ ಕನ್ನಡದಲ್ಲಿ 122, ಇಂಗ್ಲಿಷಿನಲ್ಲಿ 84, ಹಿಂದಿಯಲ್ಲಿ 93, ಗಣಿತದಲ್ಲಿ 74, ವಿಜ್ಞಾನದಲ್ಲಿ 83, ಸಮಾಜ ವಿಜ್ಞಾನದಲ್ಲಿ 95. ಒಟ್ಟು 551, ಶೇ. 88ಕ್ಕೆ ಸ್ವಲ್ಪ ಹೆಚ್ಚು. ಊರಲ್ಲಿ ಮಾತು ಶುರುವಾಗುತ್ತದೆ: "ಎಂಬತ್ತೆಂಟು ಬಂದದ್ದು ಸುಮ್ನೆಯಾ? ಸೈನ್ಸ್ ಕೊಡಿಸಿ, ನೀಟ್ ಕೋಚಿಂಗ್ ಇದ್ದಲ್ಲಿ ಹಾಕಿ." ಮಂಗಳೂರು ಕಡೆಯ ಹಾಸ್ಟೆಲ್ ಕಾಲೇಜೊಂದರ ಅರ್ಜಿಯನ್ನು ಚಿಕ್ಕಪ್ಪ ವಾಟ್ಸ್ಯಾಪಿನಲ್ಲಿ ಕಳಿಸಿಯೂ ಆಗಿದೆ.

ಗಣಿತದ 74ರಲ್ಲಿ ಆಂತರಿಕ 20 ಕಳೆದರೆ 80ಕ್ಕೆ 54, ಅಂದರೆ ಶೇ. 67ರ ಸುಮಾರು. ವಿಜ್ಞಾನದಲ್ಲಿ ಹಾಗೆಯೇ ಕಳೆದರೆ 80ಕ್ಕೆ 63, ಶೇ. 79ರ ಹತ್ತಿರ. ಇದು ಕೆಟ್ಟ ಅಂಕವಲ್ಲ. ಆದರೆ 88 ಎಂಬ ಸಂಖ್ಯೆ ಕೊಡುವ ಚಿತ್ರಕ್ಕೂ ಇದಕ್ಕೂ ಅಜಗಜಾಂತರ. ಒಟ್ಟನ್ನು ಎತ್ತಿ ಹಿಡಿದದ್ದು ಭಾಷೆಗಳು ಮತ್ತು ಸಮಾಜ ವಿಜ್ಞಾನ. ಹುಡುಗಿ ಏಪ್ರಿಲಿನಲ್ಲಿ ಬರೆದ ಹಾಳೆಯಲ್ಲಿ ಇದ್ದದ್ದು: ಜೀವಕೋಶ, ಅನುವಂಶೀಯತೆ ಓದುವಾಗ ಖುಷಿಯಾಯಿತು, ಗಣಿತದ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಹಾಸ್ಟೆಲ್ ಬೇಡ, ಯಾರೂ ಹೇಳದಿದ್ದರೆ ಜೀವಶಾಸ್ತ್ರ ಇರುವುದನ್ನು ತಗೊಳ್ತಿದ್ದೆ, ಆದರೆ ಡಾಕ್ಟರ್ ಆಗಬೇಕೋ ಇಲ್ಲವೋ ಗೊತ್ತಿಲ್ಲ.

ಅಪ್ಪ ಸ್ಕ್ರಿಪ್ಟಿನ ಪ್ರಕಾರ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಮಗಳಿಗೇ ಕೇಳುತ್ತಾನೆ.

"ಈ ಐವತ್ನಾಲ್ಕು ನೋಡಿದ್ರೆ ನಿಂಗೆ ಎಂತ ಅನಿಸ್ತದೆ?"

"ಗಣಿತ ಇನ್ನೂ ಕಷ್ಟ ಆಗ್ತದೆ ಪಿಯುಸಿಲಿ."

"ಕಷ್ಟ ಆದ್ರೂ ಮಾಡುವ ಅನಿಸ್ತದಾ, ಇಲ್ಲಾ ಅದಿಲ್ಲದ್ದೇ ಬೇಕಾ?"

"ಜೀವಶಾಸ್ತ್ರ ಬೇಕಂದ್ರೆ ಗಣಿತ ಬೇಕೇ ಬೇಕಾ?"

ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಇಲ್ಲ. ಇಲ್ಲದಿದ್ದರೆ ಇಲ್ಲ ಎನ್ನಬೇಕು, ಊಹಿಸಿ ಹೇಳಬಾರದು. ಮರುದಿನ ಅಪ್ಪ ಮಗಳು ಕುಮಟಾ ಬಸ್ಸು ಹತ್ತಿ ಎರಡು ಪಿಯು ಕಾಲೇಜುಗಳಲ್ಲಿ ಕೇಳಿಕೊಂಡು ಬರುತ್ತಾರೆ. ಕೇಳಬೇಕಾದವು ಮೂರು: ಜೀವಶಾಸ್ತ್ರದ ಜೊತೆ ಯಾವ ಯಾವ ಸಂಯೋಜನೆ ಇದೆ, ಗಣಿತದಲ್ಲಿ ಹಿಂದೆ ಬಿದ್ದವರಿಗೆ ಪ್ರತ್ಯೇಕ ತರಗತಿ ಇದೆಯೇ, ಸೇರಿದ ಮೇಲೆ ಸಂಯೋಜನೆ ಬದಲಿಸಬೇಕೆನಿಸಿದರೆ ಕೊನೆಯ ದಿನ ಯಾವುದು. ಮೂರನ್ನೂ ಮಗಳೇ ಕೇಳಲಿ, ಅಪ್ಪ ಪಕ್ಕದಲ್ಲಿ ನಿಂತಿರಲಿ. ಎರಡೂ ಕಡೆ ಜೀವಶಾಸ್ತ್ರ ಸಿಗುವುದು ಪಿಸಿಎಂಬಿಯಲ್ಲೇ ಎಂದು ತಿಳಿಯುತ್ತದೆ ಎನ್ನೋಣ. ಹಾಗಾದರೆ ನೀಟ್, ನರ್ಸಿಂಗ್ ಕಡೆಗೆ ಹೋಗಲು ಗಣಿತದಲ್ಲಿ ದೊಡ್ಡ ಅಂಕ ಬೇಕಿಲ್ಲ, ಆದರೆ ಪಿಯು ಮುಗಿಯಬೇಕಾದರೆ ಅದರಲ್ಲಿ ತೇರ್ಗಡೆಯಾಗಲೇಬೇಕು. ಆ ಭಾರ ಎರಡು ವರ್ಷ ಹೊರಲು ಸಿದ್ಧಳೇ ಎಂಬುದನ್ನು ಅವಳೇ ಹೇಳಬೇಕು. ಹೊರುತ್ತೇನೆ ಎಂದರೆ ಕುಮಟಾದಲ್ಲಿ ಪಿಸಿಎಂಬಿ. ಬೇಡ ಎಂದರೆ ಸಮಾಜ ವಿಜ್ಞಾನದ 95 ಸುಮ್ಮನೆ ಬಂದದ್ದಲ್ಲ, ಕಲಾ ವಿಭಾಗದ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಹೆಪ್ಸ್ ಸಂಯೋಜನೆಯನ್ನೂ ಅಷ್ಟೇ ಗೌರವದಿಂದ ಮೇಜಿನ ಮೇಲಿಡಬೇಕು.

ಈ ಹುಡುಗಿ ಪಿಸಿಎಂಬಿ ಎಂದಳು ಎಂದಿಟ್ಟುಕೊಳ್ಳೋಣ. ಚಿಕ್ಕಪ್ಪ ಕಳಿಸಿದ ಅರ್ಜಿಯ ಕಥೆ ಏನಾಗಬೇಕು? ಅವಳು "ಹಾಸ್ಟೆಲ್ ಬೇಡ" ಎಂದು ಬರೆದ ಕಾರಣ ಅದು ಅಲ್ಲಿಗೇ ನಿಲ್ಲಬೇಕು. "ಹೋಗ್ತಾ ಹೋಗ್ತಾ ಅಭ್ಯಾಸ ಆಗ್ತದೆ" ಎಂಬ ಮಾತು ಕೆಲವರ ಮಟ್ಟಿಗೆ ನಿಜವಿರಬಹುದು. ಆದರೆ ಬೆಳಗಿನ ಜಾವದಿಂದ ರಾತ್ರಿ ತನಕ ತರಗತಿ, ವಾರದ ಪರೀಕ್ಷೆ, ಹೊಸ ಭಾಷೆಯ ಪಾಠ ಇವೆಲ್ಲ ಒಟ್ಟಿಗೆ ಬೀಳುವ ಜಾಗಕ್ಕೆ ಒಲ್ಲದ ಮಗುವನ್ನು ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡಿನ ಮಾತು, ನೆಂಟರ ಮಾತು

ಖಾಸಗಿ ಕಾಲೇಜುಗಳು ಫಲಿತಾಂಶಕ್ಕೂ ಮೊದಲೇ ಸೀಟು ಕಾಯ್ದಿರಿಸಲು ಹೇಳುವುದುಂಟು. ಮುಂಗಡ ಕಟ್ಟಿಬಿಟ್ಟರೆ ಆ ದುಡ್ಡೇ ಮುಂದೆ ತೀರ್ಮಾನ ಮಾಡುತ್ತದೆ. "ಅಷ್ಟು ಕಟ್ಟಿ ಆಗಿದೆ" ಎಂಬುದಕ್ಕಿಂತ ಗಟ್ಟಿಯಾದ ಒತ್ತಡ ಇಲ್ಲ. ಮುಂಗಡ ಕಟ್ಟುವ ಮುನ್ನ ಬೋಧನಾ ಶುಲ್ಕ, ಹಾಸ್ಟೆಲ್, ಕೋಚಿಂಗ್, ಪುಸ್ತಕ, ಸಮವಸ್ತ್ರ ಎಲ್ಲವನ್ನೂ ಕೂಡಿಸಿ ಎರಡು ವರ್ಷದ ಮೊತ್ತ ಎಷ್ಟು, ನಡುವೆ ಬಿಟ್ಟರೆ ಎಷ್ಟು ವಾಪಸು ಎಂಬುದನ್ನು ಬರಹದಲ್ಲಿ ಕೇಳಿ. ಬರೆದು ಕೊಡುವುದಿಲ್ಲ ಎಂದರೆ ಅದೇ ಉತ್ತರ ಎಂದು ತಿಳಿಯಿರಿ.

ಮಗುವಿಗೆ ಮನೆಯ ಹಣಕಾಸು ಗೊತ್ತಾಗಬೇಕು, ಆದರೆ ಋಣದ ಹಾಗೆ ಅಲ್ಲ. ಹೇಳುವ ವಾಕ್ಯ: "ವರ್ಷಕ್ಕೆ ಇಷ್ಟು ನಮ್ಮ ಕೈಲಿ ಆಗ್ತದೆ. ಇದ್ರೊಳಗೆ ಯಾವುದು ಬೇಕಾದ್ರೂ ನೋಡುವ." ಹೇಳಬಾರದ ವಾಕ್ಯ: "ನಿಂಗೋಸ್ಕರ ತೋಟ ಅಡವಿಡ್ತೇನೆ, ನೀನು ಓದಿದ್ರೆ ಸಾಕು." ಎರಡನೆಯದು ಪ್ರೀತಿಯಿಂದಲೇ ಹೊರಡುವ ಮಾತು. ಆದರೆ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಆ ತೋಟ ಮಗುವಿನ ಕಣ್ಣಮುಂದೆ ಬಂದು ನಿಲ್ಲುತ್ತದೆ, ಅದು ಅಂಕ ಮುಚ್ಚಿಡಲು ಶುರು ಮಾಡುತ್ತದೆ.

ಧಾರೇಶ್ವರದ ಮಟ್ಟಿಗೆ ಒಂದು ಅನುಕೂಲ ಇದೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಮಟಾ ಒಂದು ಕಡೆಗೆ, ಹೊನ್ನಾವರ ಇನ್ನೊಂದು ಕಡೆಗೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸು. ಪಿಯು ಆದ ಮೇಲೆ ಪದವಿಗೂ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜು ಮನೆಯಿಂದ ಹೋಗಿಬರುವಷ್ಟು ಹತ್ತಿರ. "ಊರಲ್ಲಿ ಏನಿದೆ" ಎಂಬ ಮಾತಿಗೆ ಇದನ್ನು ಲೆಕ್ಕ ಹಾಕಿ ಉತ್ತರಿಸಬಹುದು.

ಇನ್ನು ನೆಂಟರು. ಅವರಿಗೆ ಉತ್ತರ ಕೊಡುವ ಕೆಲಸ ಮಗುವಿನದಲ್ಲ. ಮದುವೆಮನೆಯಲ್ಲಿ ದೊಡ್ಡಪ್ಪ ಕೇಳಿದಾಗ ಪಕ್ಕದಲ್ಲಿರುವ ಅಮ್ಮನೋ ಅಪ್ಪನೋ ಬಾಯಿ ಹಾಕಬೇಕು: "ಇನ್ನೂ ನೋಡ್ತಾ ಇದ್ದೇವೆ ಭಾವ, ಸೇರಿದ ಮೇಲೆ ಹೇಳ್ತೇವೆ." ಮತ್ತೆ ಕೇಳಿದರೆ ಮತ್ತೆ ಅದೇ ವಾಕ್ಯ. ವಾದ ಬೇಡ, ವಿವರಣೆ ಬೇಡ. ಅಜ್ಜ ಅಜ್ಜಿಯ ವಿಷಯ ಬೇರೆ, ಅವರು ದಿನಾ ಮನೆಯಲ್ಲೇ ಇರುವವರು. ಅವರಿಗೆ ಮಗು ಬರೆದ ಹಾಳೆಯನ್ನು ಓದಿ ಹೇಳಿ. ಮೊಮ್ಮಗಳು ಹಾಸ್ಟೆಲ್ ಬೇಡ ಎಂದಿದ್ದಾಳೆ ಎಂದು ತಿಳಿದರೆ ಅಜ್ಜ ಅವಳ ಪರ ನಿಲ್ಲುವುದೇ ಹೆಚ್ಚು.

ಗೆಳತಿ ತೆಗೆದುಕೊಂಡಳು ಎಂದು ತಾನೂ ಅದನ್ನೇ ಬರೆದ ಮಗುವನ್ನು ನಗಾಡಬೇಡಿ. "ಅವಳು ಬೇರೆ ಕಾಲೇಜಿಗೆ ಹೋದ್ರೂ ನೀನು ಇದೇ ತಗೋತ್ಯಾ?" ಎಂದು ಒಮ್ಮೆ ಕೇಳಿ ಸುಮ್ಮನಾಗಿ. ಒಂದು ದಿನ ಬಿಟ್ಟು ಉತ್ತರ ಬರುತ್ತದೆ.

ಅಂಕ ಕಡಿಮೆ ಬಂದರೆ

2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ. ಅನುತ್ತೀರ್ಣರಾದವರಷ್ಟೇ ಅಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶದ ದಿನ ಹೇಳಬೇಕಾದದ್ದು ಎರಡೇ ಮಾತು: "ಬಾ, ಊಟ ಮಾಡುವ. ಪರೀಕ್ಷೆ ಎರಡಕ್ಕೆ ಯಾವ ವಿಷಯ ಕಟ್ಟುವ ಅಂತ ನಾಳೆ ನೋಡುವ." ಆ ದಿನ ವಿಭಾಗದ ಮಾತೇ ಎತ್ತಬೇಡಿ, ನೂರಕ್ಕೆ ತೊಂಬತ್ತು ಬಂದಿದ್ದರೂ ಸಹ. ಮಗು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಗೆಳೆಯರ ಫೋನನ್ನೂ ಎತ್ತದಿದ್ದರೆ, "ನಾನು ಇಲ್ದಿದ್ರೆ ಒಳ್ಳೇದಿತ್ತು" ಎಂಬಂಥ ಮಾತು ಆಡಿದರೆ ಅದನ್ನು ನಾಟಕ ಎನ್ನಬೇಡಿ. ಒಬ್ಬಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸೇರಿದ ಮೇಲೂ ಒಂದು ಮಾತುಕತೆ ಬಾಕಿ ಇರುತ್ತದೆ. ಸಂಯೋಜನೆ ಬದಲಿಸಲು ಕಾಲೇಜು ಹೇಳಿದ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ವಾರ ಮೊದಲು ಕೇಳಿ: "ಇದೇ ಮುಂದುವರಿಸ್ತ್ಯಾ, ಬದಲು ಮಾಡ್ಬೇಕಾ? ಎರಡೂ ಸಮ." ಆ ದಿನ ದಾಟಿದ ಮೇಲೆ ಕೇಳುವುದು ಬರೀ ಮನಸ್ಸು ಕೆಡಿಸುವ ಕೆಲಸ. ಬದಲಿಸುತ್ತೇನೆ ಎಂದರೆ "ಆಗ್ಲೇ ಹೇಳಿದ್ದೆ" ಎಂಬ ವಾಕ್ಯವನ್ನು ನುಂಗಿಕೊಳ್ಳಿ. ಈ ಸ್ಕ್ರಿಪ್ಟಿನಲ್ಲಿ ದೊಡ್ಡವರಿಗೆ ಅತಿ ಕಷ್ಟದ ಜಾಗ ಇದೇ.

ಪ್ರವೇಶದ ದಿನ ಅರ್ಜಿಯನ್ನು ಮಗುವೇ ತುಂಬಲಿ. ಹೆಸರು, ವಿಳಾಸ, ಜಾತಿ ಪ್ರಮಾಣಪತ್ರದ ಸಂಖ್ಯೆ ಎಲ್ಲದಕ್ಕೂ ನೀವು ನೆರವಾಗಬಹುದು. ಸಂಯೋಜನೆ ಎಂದು ಕೇಳುವ ಕಡೆ ಮಾತ್ರ ಪೆನ್ನು ಮಗುವಿನ ಕೈಯಲ್ಲೇ ಇರಲಿ, ನೀವು ಅತ್ತ ನೋಡಬೇಡಿ.